ಅಕ್ಷರದ ಅಂಚಿನಿಂದ ಸರಿಯಾದ ಬಣ್ಣ ತೆಗೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಬಿಲ್ ಬುಕ್, ಹೋಟೆಲ್ ಮೆನು, ಫ್ಲೆಕ್ಸ್, ಎಲ್ಲಾ ಬರುತ್ತದೆ. ಹೊಸ ಡಿಸೈನ್ ಮಾಡುವುದಕ್ಕಿಂತ ಹಳೇದರಲ್ಲಿ ಒಂದು ಫೋನ್ ನಂಬರ್, ಒಂದು ರೇಟು ಬದಲಾಯಿಸುವ ಕೆಲಸವೇ ಜಾಸ್ತಿ. ಅಂಥ ಕೆಲಸದಲ್ಲಿ ಎಲ್ಲರನ್ನೂ ಕಾಡುವುದು ಬಣ್ಣ. ಐಡ್ರಾಪರ್‌ನಿಂದ ಹಳೇ ಅಕ್ಷರದ ಮೇಲೆಯೇ ಒತ್ತಿ ಬಣ್ಣ ತೆಗೆದಿರುತ್ತೇವೆ, ಆದರೂ ಹೊಸ ಅಕ್ಷರ ಬೇರೆಯಾಗಿ ಕಾಣುತ್ತದೆ. ನನ್ನ ಹತ್ತಿರ ಕೆಲಸ ಕಲಿಯಲು ಬಂದ ಹುಡುಗರು, ಅಕ್ಕಪಕ್ಕದ ಅಂಗಡಿಯವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಅಕ್ಷರದ ಮೇಲೆಯೇ ಕ್ಲಿಕ್ ಮಾಡಿದೆ. ಆದರೂ ಬಣ್ಣ ಯಾಕೆ ತಪ್ಪಿತು?

ನೀವು ಒತ್ತಿದ್ದು ಅಕ್ಷರದ ಒಳಗಲ್ಲ, ಅದರ ಅಂಚಿನಲ್ಲಿ. ಕಂಪ್ಯೂಟರ್ ಪರದೆ ಅಂದರೆ ಚೌಕ ಚೌಕ ಪಿಕ್ಸೆಲ್‌ಗಳು. ನಮ್ಮ ಕನ್ನಡ ಅಕ್ಷರ ದುಂಡಗೆ ತಿರುಗುತ್ತದೆ. ಚೌಕದಲ್ಲಿ ದುಂಡಗಿನ ಗೆರೆ ಕೂರಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅದನ್ನು ಮರೆಸಲು ಅಂಚಿನ ಪಿಕ್ಸೆಲ್‌ಗಳಿಗೆ ಅಕ್ಷರದ ಬಣ್ಣ ಮತ್ತು ಹಿನ್ನೆಲೆಯ ಬಣ್ಣ ಎರಡನ್ನೂ ಬೆರೆಸಿ ತುಂಬುತ್ತಾರೆ. ಇದಕ್ಕೇ ಆಂಟಿ ಅಲಿಯಾಸಿಂಗ್ ಅನ್ನುವುದು. ಪಿಕ್ಸೆಲ್‌ನ ಅರ್ಧ ಭಾಗವನ್ನು ಅಕ್ಷರ ಮುಚ್ಚಿದ್ದರೆ ಹೆಚ್ಚು ಕಡಿಮೆ ಅರ್ಧ ಬಣ್ಣ, ಮುಕ್ಕಾಲು ಮುಚ್ಚಿದ್ದರೆ ಮುಕ್ಕಾಲು ಬಣ್ಣ.

ಒಂದು ಲೆಕ್ಕ ನೋಡಿ. ಕೆನೆ ಬಣ್ಣದ ಹಿನ್ನೆಲೆ `#FFF6E0`, ಅಂದರೆ ಕೆಂಪು 255, ಹಸಿರು 246, ನೀಲಿ 224. ಅದರ ಮೇಲೆ ಮರೂನ್ ಅಕ್ಷರ `#7A1E2C`, ಅಂದರೆ 122, 30, 44. ಪೂರ್ತಿ ಮುಚ್ಚಿದ ಪಿಕ್ಸೆಲ್‌ನಲ್ಲಿ ಮರೂನ್ ಹಾಗೇ ಸಿಗುತ್ತದೆ. ನೂರಕ್ಕೆ 80 ಭಾಗ ಮುಚ್ಚಿದ ಕಡೆ 149, 73, 80 ಸಿಗುತ್ತದೆ. ಅರ್ಧ ಮುಚ್ಚಿದ ಕಡೆ 189, 138, 134. ಮೂರೂ ಒಂದೇ ಅಕ್ಷರದ ಮೇಲೆ, ಪಕ್ಕ ಪಕ್ಕದಲ್ಲೇ ಇವೆ. ಕೊನೆಯದು ಮರೂನ್ ಅಲ್ಲವೇ ಅಲ್ಲ, ಮಾಸಿದ ಗುಲಾಬಿ. ಐಡ್ರಾಪರ್ ಸುಳ್ಳು ಹೇಳಿಲ್ಲ. ಆ ಪಿಕ್ಸೆಲ್‌ನಲ್ಲಿ ಇದ್ದದ್ದನ್ನೇ ಕೊಟ್ಟಿದೆ.

ಜೂಮ್ ಮಾಡಿ ಒತ್ತಿದರೆ ಸಾಕಲ್ವಾ?

ಜೂಮ್ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಕನಿಷ್ಠ 800 ಪರ್ಸೆಂಟ್‌ಗೆ ಹೋಗಿ. ಜಿಂಪ್‌ನಲ್ಲಿ ಕೀಬೋರ್ಡಿನ 4 ಒತ್ತಿದರೆ 800, 5 ಒತ್ತಿದರೆ 1600. ಆಗ ಚೌಕಗಳು ಬಿಡಿಬಿಡಿಯಾಗಿ ಕಾಣುತ್ತವೆ. ಈಗ ನೋಡಬೇಕಾದದ್ದು ಒಂದೇ: ಒಂದೇ ಬಣ್ಣದ ಚೌಕಗಳು ಅಕ್ಕಪಕ್ಕ ಮೂರು ನಾಲ್ಕು ಇರುವ ಜಾಗ ಸಿಗುತ್ತದಾ? ಸಿಕ್ಕರೆ ಅದರ ನಡುವಿನ ಚೌಕದಲ್ಲಿ ಒತ್ತಿ. ಅದೇ ಅಕ್ಷರದ ನಿಜವಾದ ಬಣ್ಣ. ಇನ್ನೂ ಎರಡು ಅಕ್ಷರದಲ್ಲಿ ಒತ್ತಿ ನೋಡಿ. ಅದೇ ಕೋಡ್ ಬಂದರೆ ಅನುಮಾನ ಬೇಡ.

ಇಂಥ ಜಾಗವನ್ನು ದಪ್ಪ ಅಕ್ಷರದ ಶೀರ್ಷಿಕೆಯಲ್ಲಿ, ಅಥವಾ ಅದೇ ಬಣ್ಣದ ಗೆರೆ, ಬಾರ್ಡರ್, ಪಟ್ಟಿಯಲ್ಲಿ ಮೊದಲು ಹುಡುಕಿ. ಸಣ್ಣ ಅಕ್ಷರದಲ್ಲಿ, ಅದರಲ್ಲೂ ಒತ್ತಕ್ಷರದಲ್ಲಿ, ಹುಡುಕಿ ಸಮಯ ಕಳೆಯಬೇಡಿ. ಇಂಗ್ಲಿಷಿನ ಎಲ್, ಐ ಥರ ನೆಟ್ಟಗೆ ನಿಂತ ಕಂಬ ಕನ್ನಡ ಅಕ್ಷರದಲ್ಲಿ ಅಪರೂಪ. ಗೆರೆ ಬಾಗುತ್ತಲೇ ಇರುತ್ತದೆ. ಹಾಗಾಗಿ ಸಣ್ಣ ಸೈಜಿನ ಒತ್ತಿನಲ್ಲಿ ಪೂರ್ತಿ ತುಂಬಿದ ಪಿಕ್ಸೆಲ್ ಒಂದೂ ಇರದೇ ಹೋಗಬಹುದು. ಇದನ್ನು ಗೊತ್ತು ಮಾಡಿಕೊಳ್ಳದೆ ಎಷ್ಟೇ ಜೂಮ್ ಮಾಡಿದರೂ, ಇಲ್ಲದ ಬಣ್ಣ ಎಲ್ಲಿಂದ ಬರಬೇಕು?

ಟೂಲ್‌ನಲ್ಲೇ ಏನಾದರೂ ಸೆಟಿಂಗ್ ಇದೆಯಾ?

ಇದೆ, ಇಲ್ಲೇ ಬಹಳ ಜನ ಎಡವುತ್ತಾರೆ. ಫೋಟೋಶಾಪ್‌ನಲ್ಲಿ ಐಡ್ರಾಪರ್ ತೆಗೆದುಕೊಂಡರೆ ಮೇಲೆ Sample Size ಕಾಣುತ್ತದೆ. ಅದು Point Sample ಆಗಿರಬೇಕು. 3 by 3 Average ಇದ್ದರೆ ನೀವು ಸರಿಯಾದ ಚೌಕದಲ್ಲಿ ಒತ್ತಿದರೂ ಸುತ್ತಲಿನ ಎಂಟು ಚೌಕ ಸೇರಿಸಿ ಸರಾಸರಿ ಕೊಡುತ್ತದೆ. ಎರಡು ಪಿಕ್ಸೆಲ್ ಅಗಲದ ಗೆರೆಯ ಮೇಲೆ ಒತ್ತಿದಿರಿ ಅಂದುಕೊಳ್ಳಿ. ಮೂರರಲ್ಲಿ ಎರಡು ಸಾಲು ಮರೂನ್, ಒಂದು ಸಾಲು ಕೆನೆ. ಮೇಲಿನ ಉದಾಹರಣೆಯ ಬಣ್ಣಗಳಲ್ಲಿ 166, 102, 104 ಬರುತ್ತದೆ. ಈ ಬಣ್ಣ ಆ ಚಿತ್ರದಲ್ಲಿ ಎಲ್ಲೂ ಇರುವುದೇ ಇಲ್ಲ.

ಜಿಂಪ್‌ನಲ್ಲಿ Color Picker ಟೂಲಿಗೆ O ಒತ್ತಿ, Sample average ಟಿಕ್ ತೆಗೆಯಿರಿ. ಲೇಯರ್ ಬಗ್ಗೆಯೂ ಗಮನ ಇರಲಿ. ಫೋಟೋಶಾಪ್‌ನ All Layers, ಜಿಂಪ್‌ನ Sample merged, ಎರಡೂ ಕಣ್ಣಿಗೆ ಕಾಣುವ ಬೆರೆತ ಬಣ್ಣವನ್ನು ಕೊಡುತ್ತವೆ. ಅಕ್ಷರದ ಲೇಯರ್ 85 ಪರ್ಸೆಂಟ್ ಒಪಾಸಿಟಿಯಲ್ಲಿದ್ದರೆ ಕಾಣುವ ಬಣ್ಣವೇ ಬೇರೆ, ಅಕ್ಷರಕ್ಕೆ ಕೊಟ್ಟ ಬಣ್ಣವೇ ಬೇರೆ.

ಐಡ್ರಾಪರ್ ಇಲ್ಲದೆಯೇ ಬಣ್ಣ ತಿಳಿಯಬಹುದಾ?

ಅಕ್ಷರ ಇನ್ನೂ ಅಕ್ಷರವಾಗಿಯೇ ಉಳಿದಿದ್ದರೆ ಹಾಗೇ ಮಾಡಬೇಕು. ಪಿಎಸ್‌ಡಿ ಫೈಲ್ ಇದ್ದರೆ ಟೆಕ್ಸ್ಟ್ ಲೇಯರನ್ನು ಆಯ್ದುಕೊಂಡು ಅದಕ್ಕೆ ಕೊಟ್ಟ ಬಣ್ಣವನ್ನೇ ಓದಿ. ಪಿಡಿಎಫ್ ಇದ್ದರೆ ಇಂಕ್‌ಸ್ಕೇಪ್‌ನಲ್ಲಿ ತೆರೆದು ಅಕ್ಷರ ಆರಿಸಿ, ಫಿಲ್ ಬಣ್ಣ ನೋಡಿ. ವೆಬ್ ಪುಟವಾದರೆ ಅಕ್ಷರದ ಮೇಲೆ ರೈಟ್ ಕ್ಲಿಕ್ ಮಾಡಿ Inspect ಒತ್ತಿ, Computed ಪಟ್ಟಿಯಲ್ಲಿ `color` ಓದಿ. ಜೊತೆಗೆ `opacity` ಇದೆಯಾ ಅಂತಲೂ ನೋಡಿ.

ಇದ್ಯಾವುದೂ ಸಾಧ್ಯವಾಗದಿದ್ದರೆ ಮೊದಲು ಅಕ್ಷರವನ್ನು ದೊಡ್ಡದು ಮಾಡಿ, ಆಮೇಲೆ ಸ್ಕ್ರೀನ್‌ಶಾಟ್ ತೆಗೆಯಿರಿ. ಬ್ರೌಸರ್‌ನಲ್ಲಿ ಪುಟವನ್ನು 500 ಪರ್ಸೆಂಟ್ ಮಾಡಿದರೆ ಅಕ್ಷರ ಹೊಸದಾಗಿ ಬಿಡಿಸಿಕೊಳ್ಳುತ್ತದೆ, ಗೆರೆ ನಿಜವಾಗಿಯೂ ದಪ್ಪಗಾಗುತ್ತದೆ, ಒಳಗೆ ಶುದ್ಧ ಬಣ್ಣ ಸಿಗುತ್ತದೆ. ಪಿಡಿಎಫ್‌ನಲ್ಲೂ ಹಾಗೇ. ಮೊದಲು ಸ್ಕ್ರೀನ್‌ಶಾಟ್ ತೆಗೆದು ಆಮೇಲೆ ಅದನ್ನು ಹಿಗ್ಗಿಸಿದರೆ ಏನೂ ಸಿಗಲ್ಲ. ಅದೇ ಬೆರಕೆ ಚೌಕಗಳು ದೊಡ್ಡದಾಗುತ್ತವೆ, ಅಷ್ಟೆ.

ಬರೀ ಪಿಎನ್‌ಜಿ ಚಿತ್ರ ಇದೆ, ಅಕ್ಷರ ಸಣ್ಣದು, ಪೂರ್ತಿ ತುಂಬಿದ ಪಿಕ್ಸೆಲ್ ಇಲ್ಲವೇ ಇಲ್ಲ. ಆಗ?

ಇದೇ ನಿಜವಾದ ಕಷ್ಟ. ನಾನು ಇದನ್ನು ಕಲಿತದ್ದು ಒಂದು ಬೆಣ್ಣೆದೋಸೆ ಹೋಟೆಲಿನ ಮೆನುವಿನಿಂದ.

ಮಾಲೀಕರು ಪಿಎನ್‌ಜಿ ಚಿತ್ರ ಮಾತ್ರ ತಂದಿದ್ದರು. ಮೂಲ ಫೈಲ್ ಹಳೇ ಹಾರ್ಡ್ ಡಿಸ್ಕ್ ಜೊತೆ ಹೋಗಿತ್ತು. ಬೆಣ್ಣೆದೋಸೆ ರೇಟು 60ರಿಂದ 70 ಆಗಬೇಕು, ಅಷ್ಟೇ ಕೆಲಸ. ಹಿನ್ನೆಲೆ ಮೇಲೆ ಹೇಳಿದ ಅದೇ ಕೆನೆ ಬಣ್ಣ. ಶೀರ್ಷಿಕೆ ಹಸಿರು, ಹಾಗಾಗಿ ಅದು ಉಪಯೋಗಕ್ಕೆ ಬರಲಿಲ್ಲ. ತಿಂಡಿ ಹೆಸರು, ರೇಟು ಎಲ್ಲಾ ತೆಳು ಮರೂನ್ ಅಕ್ಷರ. 60ರ ಮೇಲೆ ಜೂಮ್ ಮಾಡಿ ಅತ್ಯಂತ ಗಾಢವಾಗಿದ್ದ ಚೌಕ ಒತ್ತಿದೆ. 149, 73, 80 ಬಂತು. ಅದರಲ್ಲೇ 70 ಟೈಪ್ ಮಾಡಿ ಪ್ರಿಂಟ್ ತೆಗೆದು ಕೊಟ್ಟೆ. ಅವರು ಕೈ ಚಾಚಿ ಹಿಡಿದು ನೋಡಿದವರೇ, "ಇದೊಂದು ರೇಟು ಬಿಸಿಲಿಗೆ ಇಟ್ಟಂಗೆ ಐತಲ್ರೀ" ಅಂದರು. ಅವರ ಮಾತು ಸರಿಯಾಗಿತ್ತು.

ಆದದ್ದು ಇಷ್ಟು. ನಾನು ತೆಗೆದ ಬಣ್ಣವೇ ಹಿನ್ನೆಲೆ ಬೆರೆತು ಒಮ್ಮೆ ತಿಳಿಯಾದದ್ದು. ಆ ಬಣ್ಣದಲ್ಲಿ ಹೊಸ ಅಂಕಿ ಟೈಪ್ ಮಾಡಿದಾಗ ಸಾಫ್ಟ್‌ವೇರ್ ಮತ್ತೊಮ್ಮೆ ಅಂಚು ಬೆರೆಸಿತು. ಬಣ್ಣ ಎರಡು ಸಲ ತಿಳಿಯಾಯಿತು. ಅಳೆದು ನೋಡಿದರೆ ನನ್ನ ಅಂಕಿಯ ಅತ್ಯಂತ ಗಾಢ ಚೌಕ 170, 108, 109 ಇತ್ತು. ಹಾಲಿಗೆ ನೀರು ಬೆರೆಸಿದ್ದಕ್ಕೆ ಇನ್ನೊಮ್ಮೆ ನೀರು ಬೆರೆಸಿದ ಹಾಗೆ.

ಆಗ ಹೊಳೆದ ದಾರಿ ಇದು. ಸಾಫ್ಟ್‌ವೇರ್ ಎಷ್ಟು ತಿಳಿ ಮಾಡುತ್ತದೆ ಅನ್ನುವುದನ್ನು ಅದರಿಂದಲೇ ತಿಳಿದುಕೊಂಡು, ಅಷ್ಟನ್ನು ಹಿಂದಕ್ಕೆ ಸರಿಪಡಿಸುವುದು.

ಮೊದಲು ಹಳೇ ರೇಟನ್ನೇ, ಅಂದರೆ 60 ಅನ್ನೇ, ಅದೇ ಫಾಂಟ್, ಅದೇ ಸೈಜಿನಲ್ಲಿ ಹಳೇದರ ಮೇಲೆ ಸರಿಯಾಗಿ ಕೂರುವಂತೆ ಟೈಪ್ ಮಾಡಿ. ಬಣ್ಣ ನೀವು ತೆಗೆದ ತಪ್ಪು ಬಣ್ಣವೇ ಇರಲಿ. ಕೆಳಗಿನ ಹಳೇ 60 ಬೆರೆಯದಂತೆ ನಡುವೆ ಹಿನ್ನೆಲೆ ಬಣ್ಣದ ಲೇಯರ್ ಇಟ್ಟು, ಈಗ ಹೊಸ 60ರ ಅದೇ ಚೌಕದ ಬಣ್ಣ ಓದಿ. ಹಿನ್ನೆಲೆಯಿಂದ ಎರಡೂ ಎಷ್ಟು ದೂರ ಇವೆ ಅಂತ ನೋಡಿ. ಹಸಿರಿನ ಲೆಕ್ಕ ಹಿಡಿಯೋಣ. ಹಳೇದು 246ರಿಂದ 73ಕ್ಕೆ ಇಳಿದಿದೆ, ಇಳಿತ 173. ಹೊಸದು 246ರಿಂದ 108ಕ್ಕೆ, ಇಳಿತ 138. 173 ಅನ್ನು 138ರಿಂದ ಭಾಗಿಸಿದರೆ ಸುಮಾರು 1.25. ಅಂದರೆ ಈ ಚೌಕದಲ್ಲಿ ಬಣ್ಣದ ಐದು ಪಾಲಿನಲ್ಲಿ ನಾಲ್ಕು ಪಾಲು ಮಾತ್ರ ಉಳಿಯುತ್ತಿದೆ. ಹಾಗಾಗಿ ತೆಗೆದ ಬಣ್ಣದ ಇಳಿತವನ್ನು 1.25ರಿಂದ ಗುಣಿಸಬೇಕು.

```
ಕೆಂಪು: 255 - (106 × 1.25) = 122
ಹಸಿರು: 246 - (173 × 1.25) = 30
ನೀಲಿ:  224 - (144 × 1.25) = 44
```

ಉತ್ತರವನ್ನು ಹತ್ತಿರದ ಪೂರ್ಣ ಸಂಖ್ಯೆಗೆ ತಂದಿದ್ದೇನೆ. ಕೆಂಪು 122.5 ಬರುತ್ತದೆ, ಅದನ್ನು 122 ಅಂತ ಹಿಡಿದಿದ್ದೇನೆ. ಸಿಕ್ಕಿದ್ದು `#7A1E2C`. ಇದರಲ್ಲಿ ಮತ್ತೆ 60 ಟೈಪ್ ಮಾಡಿ ಅದೇ ಚೌಕ ಓದಿದಾಗ 149, 73, 80ಕ್ಕೆ ಒಂದೆರಡು ಅಂಕಿ ಆಚೀಚೆ ಬಂತು. ಆಮೇಲೆ 60 ಅಳಿಸಿ 70 ಟೈಪ್ ಮಾಡಿದೆ. ಮಾಲೀಕರಿಗೆ ಯಾವ ರೇಟು ಬದಲಾದದ್ದು ಅಂತ ಹುಡುಕಬೇಕಾಯಿತು.

ಈ ಲೆಕ್ಕಕ್ಕೆ ಎರಡು ಷರತ್ತು ಇವೆ. ಫಾಂಟ್ ಅದೇ ಇರಬೇಕು, ಮತ್ತು ಅಂಕಿ ಕೂತ ಜಾಗ ಕಾಲು ಪಿಕ್ಸೆಲ್ ಕೂಡ ಜರುಗಬಾರದು. ಜರುಗಿದರೆ ಅದೇ ಗೆರೆ ಬೇರೆ ಚೌಕಗಳಿಗೆ ಹಂಚಿಹೋಗುತ್ತದೆ, ಲೆಕ್ಕ ಕೆಡುತ್ತದೆ. ಮೂರು ನಾಲ್ಕು ಚೌಕದಲ್ಲಿ ಲೆಕ್ಕ ಹಾಕಿ ನೋಡಿ. ಎಲ್ಲದರಲ್ಲೂ ಹತ್ತಿರ ಹತ್ತಿರದ ಉತ್ತರ ಬಂದರೆ ನಂಬಬಹುದು.

ಬೇರೆ ಸಾಲಿನ 7 ಅನ್ನೇ ಕಾಪಿ ಮಾಡಿ ಅಂಟಿಸಿದರೆ ಆಗಲ್ವಾ?

ಖಂಡಿತ ಆಗುತ್ತದೆ, ಅದು ಎಲ್ಲಕ್ಕಿಂತ ಸುಲಭ. ಪಿಕ್ಸೆಲ್‌ಗಳನ್ನೇ ಎತ್ತಿಡುವುದರಿಂದ ಬಣ್ಣದ ಚಿಂತೆಯೇ ಇಲ್ಲ. ಹಿನ್ನೆಲೆ ಒಂದೇ ಬಣ್ಣ ಇರಬೇಕು, ಅಂಟಿಸುವಾಗ ಪೂರ್ತಿ ಪಿಕ್ಸೆಲ್ ಲೆಕ್ಕದಲ್ಲೇ ಸರಿಸಬೇಕು, ತಿರುಗಿಸುವುದು ಹಿಗ್ಗಿಸುವುದು ಮಾಡಬಾರದು. ನನ್ನ ದುರದೃಷ್ಟಕ್ಕೆ ಆ ಮೆನುವಿನಲ್ಲಿ 7 ಅನ್ನುವ ಅಂಕಿಯೇ ಇರಲಿಲ್ಲ.

ತೆಗೆದ ಬಣ್ಣ ಬೆರಕೆಯಾ, ಬೇರೆ ಬಣ್ಣವಾ ಅಂತ ಗೊತ್ತು ಮಾಡಿಕೊಳ್ಳುವುದು ಹೇಗೆ?

ಮೇಲಿನ ಇಳಿತದ ಲೆಕ್ಕವೇ ಇದಕ್ಕೂ ಸಾಕು. ಒಂದೇ ಬಣ್ಣದ ಅಕ್ಷರ, ಒಂದೇ ಬಣ್ಣದ ಹಿನ್ನೆಲೆ ಆದರೆ, ಅಂಚಿನ ಎಲ್ಲಾ ಚೌಕಗಳಲ್ಲೂ ಕೆಂಪು, ಹಸಿರು, ನೀಲಿ ಇಳಿತಗಳು ಒಂದೇ ಅನುಪಾತದಲ್ಲಿರುತ್ತವೆ. 149, 73, 80ರ ಚೌಕದಲ್ಲಿ ಇಳಿತ 106, 173, 144. ಕೆಂಪನ್ನು ಹಸಿರಿನಿಂದ ಭಾಗಿಸಿದರೆ 0.61. ಅರ್ಧ ತುಂಬಿದ 189, 138, 134ರಲ್ಲಿ ಇಳಿತ 66, 108, 90. ಅಲ್ಲೂ 0.61. ಯಾರೋ ಕಣ್ಣಂದಾಜಿನಲ್ಲಿ 110, 40, 40 ಹಾಕಿದರು ಅನ್ನಿ. ಇಳಿತ 145, 206, 184, ಅನುಪಾತ 0.70. ಅದು ಎಷ್ಟೇ ಗಾಢವಾಗಿದ್ದರೂ ಈ ಅಕ್ಷರದ ಬಣ್ಣವಲ್ಲ, ಕಂದು ಕಡೆಗೆ ವಾಲಿದ ಇನ್ನೊಂದು ಬಣ್ಣ.

ಕೆಲವು ಸಾಫ್ಟ್‌ವೇರ್ ಬೆರೆಸುವಾಗ ಗಾಮಾ ತಿದ್ದುಪಡಿ ಸೇರಿಸುತ್ತವೆ. ಫೋಟೋಶಾಪ್‌ನ Color Settings ಒಳಗೆ ಅಕ್ಷರಕ್ಕೆಂದೇ ಅಂಥದ್ದೊಂದು ಆಯ್ಕೆ ಇದೆ. ಹಾಗಾಗಿ ಅನುಪಾತ ಅಕ್ಷರಶಃ ಒಂದೇ ಬರದಿದ್ದರೆ ಗಾಬರಿ ಬೇಡ. ಸ್ವಲ್ಪ ಹೊಯ್ದಾಟ ಸಹಜ.

ಕಪ್ಪು ಅಕ್ಷರದ ಅಂಚಿನಲ್ಲಿ ಕೆಂಪು, ನೀಲಿ ಬಣ್ಣ ಕಾಣುತ್ತದೆ. ಫೈಲ್ ಕೆಟ್ಟಿದೆಯಾ?

ಇಲ್ಲ. ಅದು ವಿಂಡೋಸ್‌ನ ಕ್ಲಿಯರ್‌ಟೈಪ್. ಎಲ್‌ಸಿಡಿ ಪರದೆಯ ಒಂದೊಂದು ಪಿಕ್ಸೆಲ್ ಒಳಗೂ ಕೆಂಪು, ಹಸಿರು, ನೀಲಿ ಪಟ್ಟಿ ಅಕ್ಕಪಕ್ಕ ಇರುತ್ತವೆ. ಕ್ಲಿಯರ್‌ಟೈಪ್ ಆ ಪಟ್ಟಿಗಳನ್ನು ಬೇರೆ ಬೇರೆಯಾಗಿ ಬಳಸಿ ಅಕ್ಷರವನ್ನು ಚೂಪು ಮಾಡುತ್ತದೆ. ಬಿಳಿ ಮೇಲಿನ ಕಪ್ಪು ಅಕ್ಷರದಲ್ಲಿ ಎಡ ಅಂಚು ಕೆಂಪಗೆ, ಬಲ ಅಂಚು ನೀಲಿಯಾಗಿ ಕಾಣುವುದು ಅದಕ್ಕೇ. ಪರದೆಯಲ್ಲಿ ಕಣ್ಣಿಗೆ ಗೊತ್ತಾಗುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆದರೆ ಬಣ್ಣದ ಅಂಚು ಚಿತ್ರದಲ್ಲೇ ಉಳಿದುಬಿಡುತ್ತದೆ.

ಇಂಥ ಅಂಚಿನಿಂದ ಬಣ್ಣ ತೆಗೆಯಲೇಬೇಡಿ. ಮೂರೂ ಬಣ್ಣದ ಪಾಲು ಬೇರೆ ಬೇರೆ ಇರುವುದರಿಂದ ಅನುಪಾತದ ಲೆಕ್ಕವೂ ಇಲ್ಲಿ ನಡೆಯಲ್ಲ. ಅಕ್ಷರ ದೊಡ್ಡದು ಮಾಡಿ ಮತ್ತೆ ಸ್ಕ್ರೀನ್‌ಶಾಟ್ ತೆಗೆದು ಗೆರೆಯ ನಡುವಿನಿಂದ ಬಣ್ಣ ತೆಗೆಯಿರಿ. ಅಥವಾ ವಿಂಡೋಸ್‌ನಲ್ಲಿ ClearType ಆಫ್ ಮಾಡಿ ಮತ್ತೆ ತೆಗೆಯಿರಿ.

ಗಿರಾಕಿ ಲೋಗೋವನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಪ್ರತಿ ಚೌಕದಲ್ಲೂ ಬೇರೆ ಕೋಡ್ ಬರುತ್ತಿದೆ.

ಫೋಟೋ ಆಗಿ ಕಳಿಸಿದರೆ ಅದು ಜೆಪೆಗ್ ಆಗಿ ಒತ್ತಿಹೋಗಿರುತ್ತದೆ. ಜೆಪೆಗ್ ಚಿತ್ರವನ್ನು 8 ಪಿಕ್ಸೆಲ್ ಚೌಕಗಳಾಗಿ ಕತ್ತರಿಸಿ ಒತ್ತುತ್ತದೆ. ಅದರಲ್ಲೂ ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಕಡಿಮೆ ಇಟ್ಟುಕೊಳ್ಳುವುದು ವಾಡಿಕೆ. ಹಾಗಾಗಿ ಕೆಂಪು ಅಕ್ಷರದ ಬಣ್ಣ ಹಿನ್ನೆಲೆಗೆ ಹರಡುತ್ತದೆ, ಹಿನ್ನೆಲೆಯ ಬಣ್ಣ ಅಕ್ಷರದೊಳಗೆ ಬರುತ್ತದೆ. ತೆಳು ಅಕ್ಷರವಾದರೆ ನಡುವಿನ ಚೌಕ ಕೂಡ ನಂಬಲು ಆಗಲ್ಲ.

"ಅಣ್ಣ, ಅದನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ" ಅಂತ ಕೇಳಿ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲ್ ಇದ್ದ ಹಾಗೇ ಬರುತ್ತದೆ. ಅವರ ಹತ್ತಿರವೂ ಜೆಪೆಗ್ ಮಾತ್ರ ಇದ್ದರೆ ದಪ್ಪ ಅಕ್ಷರ ಹುಡುಕಿ, ಅಂಚಿನಿಂದ ಆದಷ್ಟು ದೂರ, ನಡುವೆ 5 by 5 Average ಬಳಸಿ. ಮೊದಲು ಸರಾಸರಿ ಬೇಡ ಅಂದೆ, ಇಲ್ಲಿ ಬೇಕು ಅನ್ನುತ್ತಿದ್ದೇನೆ. ಕಾರಣ ಇದೆ. ಇಲ್ಲಿ ಒಂದೇ ಬಣ್ಣದ ಜಾಗದಲ್ಲಿ ಕಲೆ ಕಲೆಯಾಗಿದೆ, ಆ ಏರಿಳಿತವನ್ನು ಸರಾಸರಿ ಸಮ ಮಾಡುತ್ತದೆ. ಆ ಇಪ್ಪತ್ತೈದು ಚೌಕವೂ ಅಕ್ಷರದ ಒಳಗೇ ಇರಬೇಕು, ಅದೊಂದನ್ನು ಬಿಡಬೇಡಿ.

ಹಳೇ ಅಂಕಿ ಅಳಿಸಿದ ಜಾಗದಲ್ಲಿ ನೆರಳಿನ ಹಾಗೆ ಉಳಿಯುತ್ತದೆ. ಯಾಕೆ?

ಪೇಂಟ್ ಬಕೆಟ್‌ನಿಂದ ಅಕ್ಷರಕ್ಕೆ ಹಿನ್ನೆಲೆ ಬಣ್ಣ ಸುರಿದಿರುತ್ತೀರಿ. ಬಕೆಟ್ ಗಾಢ ಚೌಕಗಳನ್ನು ತುಂಬುತ್ತದೆ, ತಿಳಿಯಾದ ಅಂಚಿನ ಚೌಕಗಳು ಹಾಗೇ ನಿಲ್ಲುತ್ತವೆ. ಅಂಕಿಯ ಬಾಹ್ಯರೇಖೆ ಮಾತ್ರ ಉಳಿದು ನೆರಳಾಗಿ ಕಾಣುತ್ತದೆ. ಅದರ ಬದಲು ಅಂಕಿಯ ಸುತ್ತ ಚೌಕ ಸೆಲೆಕ್ಷನ್ ಹಾಕಿ, ಎಲ್ಲಾ ಕಡೆ ಎರಡು ಮೂರು ಪಿಕ್ಸೆಲ್ ಜಾಸ್ತಿ ಹಿಡಿದು, ಹಿನ್ನೆಲೆ ಬಣ್ಣ ತುಂಬಿ. ಜೆಪೆಗ್ ಆದರೆ ಎಂಟು ಹತ್ತು ಪಿಕ್ಸೆಲ್ ಜಾಸ್ತಿ ಹಿಡಿಯಿರಿ. ಅಕ್ಷರದ ಸುತ್ತ ಕಾಣದ ಕಲೆ ಅಷ್ಟು ದೂರ ಹರಡಿರುತ್ತದೆ.

ಹಿನ್ನೆಲೆ ಬಣ್ಣವನ್ನೂ ಅಕ್ಷರದ ಪಕ್ಕದಿಂದ ತೆಗೆಯಬೇಡಿ. ದೂರದ ಖಾಲಿ ಜಾಗದಿಂದ ತೆಗೆಯಿರಿ. ಕೆನೆ ಬಣ್ಣದಲ್ಲಿ ಎರಡು ಮೂರು ಅಂಕಿ ತಪ್ಪಿದರೂ ದೊಡ್ಡ ಪ್ರಿಂಟಿನಲ್ಲಿ ತೇಪೆ ಹಾಕಿದ್ದು ಕಾಣುತ್ತದೆ.

ಕೋಡ್ ಅದೇ ಇದೆ, ಆದರೂ ಹೊಸ ಅಕ್ಷರ ತಿಳಿಯಾಗಿ ಕಾಣುತ್ತದೆ. ಬಣ್ಣ ಸ್ವಲ್ಪ ಗಾಢ ಮಾಡಲಾ?

ಮಾಡಬೇಡಿ. ತಪ್ಪು ಬಣ್ಣದಲ್ಲಿಲ್ಲ, ಅಕ್ಷರದ ದಪ್ಪದಲ್ಲಿದೆ. ಫಾಂಟಿನ ತೂಕ ಬೇರೆ ಇರಬಹುದು, ಅಥವಾ ಅಂಚು ಬೆರೆಸುವ ವಿಧಾನ ಬೇರೆ ಇರಬಹುದು. ಫೋಟೋಶಾಪ್‌ನಲ್ಲಿ ಟೆಕ್ಸ್ಟ್ ಟೂಲ್‌ಗೆ Sharp, Crisp, Strong, Smooth ಅಂತ ಆಯ್ಕೆಗಳಿವೆ. ಒಂದೊಂದನ್ನೇ ಬದಲಾಯಿಸಿ ಹಳೇ ಅಕ್ಷರದ ಪಕ್ಕ ಇಟ್ಟು 100 ಪರ್ಸೆಂಟ್‌ನಲ್ಲಿ ನೋಡಿ. ಬಣ್ಣವನ್ನೇ ಗಾಢ ಮಾಡಿದರೆ ಸಣ್ಣ ಅಕ್ಷರ ಹೊಂದಿಕೊಂಡ ಹಾಗೆ ಕಾಣುತ್ತದೆ. ಆದರೆ ಅದೇ ಕೋಡನ್ನು ನಾಳೆ ಫ್ಲೆಕ್ಸ್‌ನ ದೊಡ್ಡ ಅಕ್ಷರಕ್ಕೆ ಹಾಕಿದಾಗ ಬೇರೆಯೇ ಬಣ್ಣ ಬಂದು ನಿಲ್ಲುತ್ತದೆ.

ಕಣ್ಣಿನಿಂದ ಹುಡುಕದೆ ಬಣ್ಣಗಳ ಪಟ್ಟಿ ತೆಗೆಯಬಹುದಾ?

ಪಿಎನ್‌ಜಿ ಆದರೆ ಆಗುತ್ತದೆ. ಬೇಕಾದ ಅಕ್ಷರಗಳಷ್ಟನ್ನೇ ಕತ್ತರಿಸಿ ಉಳಿಸಿ. ಲಿನಕ್ಸ್‌ನಲ್ಲಿ ಇಮೇಜ್‌ಮ್ಯಾಜಿಕ್ 7 ಇದ್ದರೆ ಹೀಗೆ:

```
magick rate.png -format "%c" histogram:info:- | sort -rn | head
```

ಯಾವ ಬಣ್ಣದ ಚೌಕ ಎಷ್ಟಿವೆ ಅಂತ ಜಾಸ್ತಿಯಿಂದ ಕಡಿಮೆಗೆ ಪಟ್ಟಿ ಬರುತ್ತದೆ. ಮೊದಲನೆಯದು ಸಾಮಾನ್ಯವಾಗಿ ಹಿನ್ನೆಲೆ. ಅಕ್ಷರ ದಪ್ಪ ಇದ್ದರೆ ಎರಡನೆಯದೇ ಅಕ್ಷರದ ಬಣ್ಣ, ಮೂರನೆಯದಕ್ಕಿಂತ ಅದರ ಸಂಖ್ಯೆ ಬಹಳ ದೊಡ್ಡದಿರುತ್ತದೆ. ಎರಡನೆಯದರಿಂದ ಕೆಳಗೆ ಎಲ್ಲಾ ಸಣ್ಣ ಸಣ್ಣ ಸಂಖ್ಯೆಗಳೇ ಇದ್ದರೆ ಪೂರ್ತಿ ತುಂಬಿದ ಜಾಗ ಇಲ್ಲ ಅಂತ ಅರ್ಥ. ಆಗ ಮೆನುವಿನ ಲೆಕ್ಕಕ್ಕೆ ಹೋಗಬೇಕು.

ಪರದೆಯಲ್ಲಿ ಹೊಂದಿಕೊಂಡಿತು, ಪ್ರಿಂಟಿನಲ್ಲೂ ಹಾಗೇ ಬರುತ್ತದಾ?

ಹಳೇದು ಹೊಸದು ಎರಡೂ ಒಂದೇ ಫೈಲಿನಲ್ಲಿ, ಒಂದೇ ಕೋಡಿನಲ್ಲಿ ಇದ್ದರೆ ಒಂದಕ್ಕೊಂದು ಹೊಂದಿಕೊಂಡೇ ಬರುತ್ತವೆ. ಮಷೀನು ಮರೂನನ್ನು ಸ್ವಲ್ಪ ಬೇರೆ ಮಾಡಿದರೂ ಎರಡನ್ನೂ ಒಟ್ಟಿಗೇ ಮಾಡುತ್ತದೆ. ಮೂಲ ಫೈಲ್ ಸಿಎಂವೈಕೆ ಆಗಿದ್ದರೆ ಮಾತ್ರ ಪರದೆಯಿಂದ ಬಣ್ಣ ತೆಗೆಯಬೇಡಿ. ಅದರೊಳಗಿನ ನಾಲ್ಕು ಅಂಕಿಗಳನ್ನೇ ಓದಿ ಹಾಗೇ ಬಳಸಿ.

ಮುಂದಿನ ಸಲ ಮತ್ತೆ ಇಷ್ಟೆಲ್ಲ ಮಾಡಬೇಕಾ?

ಬೇಡ. ನಾನೀಗ ಪ್ರತಿ ಗಿರಾಕಿಯ ಫೋಲ್ಡರ್‌ನಲ್ಲಿ ಒಂದು ಟೆಕ್ಸ್ಟ್ ಫೈಲ್ ಇಡುತ್ತೇನೆ. ಫಾಂಟಿನ ಹೆಸರು, ಸೈಜು, ಅಕ್ಷರದ ಕೋಡ್, ಹಿನ್ನೆಲೆಯ ಕೋಡ್, ನಾಲ್ಕೇ ಸಾಲು. ಕೋಡನ್ನು ಲೆಕ್ಕ ಹಾಕಿ ಕಂಡುಹಿಡಿದಿದ್ದರೆ ಪಕ್ಕದಲ್ಲಿ "ಅಂದಾಜು" ಅಂತ ಬರೆಯುತ್ತೇನೆ. ಆ ಹೋಟೆಲಿನ ಫೈಲಿನಲ್ಲಿ `#7A1E2C` ಪಕ್ಕ ಇನ್ನೂ ಹಾಗೇ ಬರೆದಿದೆ.